ಹರಾಜಿನಲ್ಲಿ ಸಿಗುವ ಮಲಗುವ ಆಸನ

ಮಕ್ಕಳು ಕೆನಡಾದಲ್ಲೋ ಅಮೆರಿಕದಲ್ಲೋ ನೆಲೆಸಿರುವ ಮನೆಗಳಲ್ಲಿ ಈಗ ಒಂದು ಹೊಸ ಪ್ರಶ್ನೆ ಹುಟ್ಟಿಕೊಂಡಿದೆ. ಮಗಳ ಬಾಣಂತನಕ್ಕೆಂದು ತಾಯಿ ಹೊರಡಬೇಕು, ಆಕೆಗೆ ಮಂಡಿನೋವು. ಇಪ್ಪತ್ತು ಗಂಟೆಯ ಪ್ರಯಾಣವನ್ನು ಸಾಮಾನ್ಯ ದರ್ಜೆಯ ಇಕ್ಕಟ್ಟಿನಲ್ಲಿ ಕುಳಿತು ಮಾಡುವುದು ಹೇಗೆ? ಬಿಸಿನೆಸ್ ಕ್ಲಾಸಿನ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ನಮ್ಮ ಅಕ್ಕ ಮತ್ತು ಭಾವ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಟೊರಾಂಟೊಗೆ ಹೊರಟಾಗ ಈ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇನೆ, ಸಹೋದರಿಯರೇ. ನಾಳೆ ನಿಮ್ಮ ಮನೆಯಲ್ಲೂ ಈ ಮಾತು ಬಂದೀತು.

ಮೊದಲು ಮೂರು ದರ್ಜೆಗಳ ವ್ಯತ್ಯಾಸ ತಿಳಿದಿರಲಿ. ಸಾಮಾನ್ಯ ದರ್ಜೆಯಲ್ಲಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಸುಮಾರು 31 ಇಂಚು ಅಂತರ. ಪ್ರೀಮಿಯಂ ಎಕಾನಮಿಯಲ್ಲಿ ಅದು ಸುಮಾರು 38 ಇಂಚು. ಆಸನ ಅಗಲವಾಗಿರುತ್ತದೆ, ಇನ್ನಷ್ಟು ಹಿಂದಕ್ಕೆ ಬಾಗುತ್ತದೆ. ಆದರೆ ಅದು ಕುಳಿತುಕೊಳ್ಳುವ ಕುರ್ಚಿಯೇ, ಕಾಲುಗಳು ಇಳಿಬಿದ್ದೇ ಇರುತ್ತವೆ. ದೂರದ ವಿಮಾನಗಳ ಬಿಸಿನೆಸ್ ಕ್ಲಾಸಿನಲ್ಲಿ ಮಾತ್ರ ಆಸನವನ್ನು ಹಾಸಿಗೆಯಂತೆ ಚಾಚಿ ಕಾಲು ನೀಡಿ ಮಲಗಬಹುದು. ಹೆಚ್ಚಿನ ಹಣ ಕೊಡುವುದು ಮುಖ್ಯವಾಗಿ ಈ ಮಲಗುವ ಸೌಲಭ್ಯಕ್ಕೇ. ಊಟ, ವಿಶ್ರಾಂತಿ ಕೊಠಡಿಗಳೆಲ್ಲ ಆಮೇಲಿನ ಮಾತು.

ಇನ್ನು ಬಿಡ್ ಎಂದರೇನು? ವಿಮಾನ ಹೊರಡುವ ಹೊತ್ತಿಗೆ ಬಿಸಿನೆಸ್ ಕ್ಲಾಸಿನಲ್ಲಿ ಕೆಲವು ಆಸನಗಳು ಮಾರಾಟವಾಗದೆ ಉಳಿಯುತ್ತವೆ. ಅವನ್ನು ಖಾಲಿ ಒಯ್ಯುವ ಬದಲು, ಕೆಳಗಿನ ದರ್ಜೆಯ ಟಿಕೆಟ್ ಕೊಂಡವರಿಂದ ಹಲವು ಸಂಸ್ಥೆಗಳು ಬೆಲೆ ಕೇಳುತ್ತವೆ. ಇದು ಮುಚ್ಚಿದ ಹರಾಜು. ಬೇರೆಯವರು ಎಷ್ಟು ಕೂಗಿದ್ದಾರೆಂದು ನಿಮಗೆ ಕಾಣುವುದಿಲ್ಲ. ಕನಿಷ್ಠ ಮೊತ್ತ ತೆರೆಯ ಮೇಲಿರುತ್ತದೆ. ಮೊತ್ತ ಏರಿಸಿದಂತೆ ಒಂದು ಮುಳ್ಳು ‘ದುರ್ಬಲ’ದಿಂದ ‘ಪ್ರಬಲ’ದ ಕಡೆಗೆ ಸರಿಯುತ್ತದೆ. ಅದು ಭರವಸೆಯಲ್ಲ, ಅಂದಾಜು ಅಷ್ಟೆ. ಕಾರ್ಡಿನ ವಿವರ ಮೊದಲೇ ಕೊಡಬೇಕು, ಬಿಡ್ ಒಪ್ಪಿದರೆ ಮಾತ್ರ ಹಣ ಕಡಿತವಾಗುತ್ತದೆ. ಉತ್ತರ ಸಾಮಾನ್ಯವಾಗಿ ಪ್ರಯಾಣಕ್ಕೆ ಎರಡು ಮೂರು ದಿನ ಇರುವಾಗ ಬರುತ್ತದೆ, ಕೆಲವೊಮ್ಮೆ ಕೊನೆಯ ದಿನದವರೆಗೂ ಕಾಯಬೇಕು. ಒಮ್ಮೆ ಒಪ್ಪಿದ ಮೇಲೆ ‘ಬೇಡ’ ಎಂದರೆ ಆ ಹಣ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಇಲ್ಲಿ ಎರಡು ಸಂಗತಿಗಳು ಅನೇಕರ ಕಣ್ಣು ತಪ್ಪಿಸುತ್ತವೆ. ತೆರೆಯ ಮೇಲಿನ ಮೊತ್ತ ಒಬ್ಬರಿಗೆ, ಅದೂ ಒಂದು ಹಾರಾಟಕ್ಕೆ. ಒಂದೇ ಬುಕಿಂಗ್‌ನಲ್ಲಿ ಇಬ್ಬರಿದ್ದರೆ ಅದು ಇಮ್ಮಡಿಯಾಗುತ್ತದೆ ಮತ್ತು ಎರಡು ಆಸನ ಖಾಲಿಯಿದ್ದರಷ್ಟೇ ಬಿಡ್ ಗೆಲ್ಲುತ್ತದೆ. ಹೋಗಿ ಬರುವ ಪ್ರಯಾಣದಲ್ಲಿ ಅಕ್ಕನಿಗೆ ನಾಲ್ಕು ಹಾರಾಟಗಳಿದ್ದವು, ಅಂದರೆ ನಾಲ್ಕು ಪ್ರತ್ಯೇಕ ಹರಾಜು.

ಈಗ ನಮ್ಮ ಲೆಕ್ಕ ನೋಡಿ. ಆ ವಾರ ಹೋಗಿ ಬರಲು ಒಬ್ಬರಿಗೆ ಸಾಮಾನ್ಯ ದರ್ಜೆ 1,10,000 ರೂಪಾಯಿ, ಪ್ರೀಮಿಯಂ ಎಕಾನಮಿ 1,90,000, ಬಿಸಿನೆಸ್ 3,40,000 ಇತ್ತು. 2025ರ ಸೆಪ್ಟೆಂಬರ್ 22ರಿಂದ ಸಾಮಾನ್ಯ ದರ್ಜೆಗೆ ಶೇಕಡಾ 5 ಜಿಎಸ್‌ಟಿಯೇ ಉಳಿದಿದ್ದು, ಉಳಿದ ದರ್ಜೆಗಳಿಗೆ 12 ಇದ್ದದ್ದು 18 ಆಗಿದೆ. ಆದ್ದರಿಂದ ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಬೇಕು. ನಾನು ಬರೆದುಕೊಂಡದ್ದೂ ಅದನ್ನೇ.

“ಅಗ್ಗದ ಟಿಕೆಟ್ ತೆಗೆದು ಬಿಡ್ ಹಾಕಿದರಾಯಿತಲ್ಲ?” ಎಂದರು ಭಾವ. ಸಾಮಾನ್ಯ ದರ್ಜೆಯಿಂದ ಬಿಸಿನೆಸ್‌ಗೆ ಒಂದು ಹಾರಾಟಕ್ಕೆ 60,000ದಂತೆ ಎರಡು ಹಾರಾಟಕ್ಕೆ ಗೆದ್ದರೆ ಒಟ್ಟು 2,30,000. ಕಾಗದದ ಮೇಲೆ ಇದೇ ಅಗ್ಗ. ಆದರೆ ಸೋತರೆ? ಅಕ್ಕ ಹತ್ತು ಗಂಟೆ 31 ಇಂಚಿನಲ್ಲಿ ಮಂಡಿ ಮಡಚಿ ಕೂರಬೇಕು. ನಾನು ಭಾವನಿಗೆ ಹೇಳಿದ್ದು ಇಷ್ಟೇ: ಬಿಡ್ ಗೆಲ್ಲುತ್ತದೆಂದು ನಂಬಿ ಟಿಕೆಟ್ ಕೊಳ್ಳಬೇಡಿ, ಸೋತರೆ ಯಾವ ಆಸನದಲ್ಲಿ ಕೂರಬಲ್ಲಿರೋ ಅದನ್ನು ಕೊಳ್ಳಿ.

ಪ್ರೀಮಿಯಂ ಎಕಾನಮಿ ಕೊಂಡು ಬಿಡ್ ಹಾಕುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ನಮಗೆ ತೋರಿಸಿದ ಕನಿಷ್ಠ ಬಿಡ್ 30,000. ಗೆಲ್ಲುವ ಆಸೆಯಿಂದ ನಾಲ್ಕೂ ಹಾರಾಟಗಳಿಗೆ 45,000ದಂತೆ ಹಾಕಿದ್ದರೆ 1,80,000. ಟಿಕೆಟಿನ 1,90,000 ಸೇರಿ 3,70,000. ನೇರವಾಗಿ ಬಿಸಿನೆಸ್ ಕೊಂಡಿದ್ದರೆ 30,000 ಕಡಿಮೆಗೇ ಖಚಿತ ಆಸನ ಸಿಗುತ್ತಿತ್ತು! ಆದ್ದರಿಂದ ಟಿಕೆಟ್ ತೆಗೆಯುವ ದಿನವೇ ಎರಡು ದರ್ಜೆಗಳ ಅಂತರ ಬರೆದಿಟ್ಟುಕೊಳ್ಳಿ. ನಮ್ಮದು 1,50,000. ಎಲ್ಲ ಬಿಡ್‌ಗಳ ಮೊತ್ತ ಆ ಗೆರೆಯ ಸಮೀಪ ಬಂದರೂ ಹರಾಜಿಗೆ ಅರ್ಥವಿಲ್ಲ.

ಹಾಗಾದರೆ ಯಾವ ಹಾರಾಟಕ್ಕೆ ಬಿಡ್ ಹಾಕುವುದು? ಗಡಿಯಾರ ನೋಡಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು ಹತ್ತು ಗಂಟೆ, ಹೊರಡುವುದು ನಡುರಾತ್ರಿ ಕಳೆದ ಮೇಲೆ. ಅಲ್ಲಿಂದ ಟೊರಾಂಟೊಗೆ ಎಂಟೂವರೆ ಗಂಟೆ, ಅದು ಹಗಲು. ಹಗಲಲ್ಲಿ ಎದ್ದು ನಡೆದಾಡಬಹುದು, ಹಾಸಿಗೆ ಬೇಕಾಗುವುದು ರಾತ್ರಿಗೆ. ಮರಳುವಾಗ ಟೊರಾಂಟೊದಿಂದ ಫ್ರಾಂಕ್‌ಫರ್ಟ್ ರಾತ್ರಿಯೇ ಆದರೂ ಏಳೂವರೆ ಗಂಟೆ. ಎರಡು ಊಟೋಪಚಾರ ಕಳೆದರೆ ಮಲಗಲು ಉಳಿಯುವುದು ನಾಲ್ಕೈದು ಗಂಟೆ. ಹೀಗೆ ಬೆಂಗಳೂರಿನ ಹಾರಾಟಕ್ಕೆ 45,000, ಮರಳುವ ರಾತ್ರಿಗೆ ಕನಿಷ್ಠ 30,000 ಎಂದು ತೀರ್ಮಾನಿಸಿದೆವು. ಎರಡೂ ಗೆದ್ದರೆ ಒಬ್ಬರಿಗೆ 2,65,000. ನೇರ ಬಿಸಿನೆಸ್‌ಗಿಂತ 75,000 ಉಳಿತಾಯ.

ಬಿಡ್ ಹಾಕಿದ ಮೇಲೂ ಒಂದು ಪರೀಕ್ಷೆಯಿದೆ. ಪ್ರಯಾಣಕ್ಕೆ ಎರಡು ಮೂರು ದಿನ ಇರುವಾಗ ಅದೇ ವಿಮಾನಕ್ಕೆ ಇಬ್ಬರಿಗೆ ಬಿಸಿನೆಸ್ ಟಿಕೆಟ್ ಹುಡುಕಿ ನೋಡಿ. ಸಂಸ್ಥೆ ಇನ್ನೂ ಮಾರುತ್ತಿದ್ದರೆ ಆಸೆ ಇದೆ, ‘ಲಭ್ಯವಿಲ್ಲ’ ಎಂದರೆ ಬಿಡ್ ಗೆಲ್ಲುವುದು ಕಷ್ಟ. ಆಸನಗಳ ನಕ್ಷೆಯನ್ನು ಮಾತ್ರ ನಂಬಬೇಡಿ. ಟಿಕೆಟ್ ಕೊಂಡೂ ಆಸನ ಆರಿಸದವರ ಜಾಗ ಅಲ್ಲಿ ಖಾಲಿಯೆಂದೇ ಕಾಣುತ್ತದೆ. ಇನ್ನೊಂದು ಮಾತು: ಏಜೆಂಟರಿಂದ ಕೊಂಡ ಕೆಲವು ಟಿಕೆಟ್‌ಗಳಿಗೂ ಗುಂಪು ಟಿಕೆಟ್‌ಗಳಿಗೂ ಬಿಡ್ ಅವಕಾಶ ಇರದಿರಬಹುದು. ಹಣ ಕೊಡುವ ಮೊದಲೇ ವಿಚಾರಿಸಿ.

ಬೆಂಗಳೂರಿನ ಬಿಡ್ ಎರಡು ದಿನ ಮೊದಲೇ ಗೆದ್ದಿತು. ಆಗ ಮತ್ತೊಂದು ತೊಡಕು. ಮೊದಲ ಟಿಕೆಟಿನಲ್ಲಿ ಮುಸ್ಲಿಂ ಊಟಕ್ಕೆ ಹೇಳಿದ್ದೆವು. ಬುಕಿಂಗ್ ತೆರೆದು ನೋಡಿದರೆ ಹೊಸ ದರ್ಜೆಯಲ್ಲಿ MOML ಎಂಬ ಗುರುತೇ ಮಾಯ! ದರ್ಜೆ ಬದಲಾದಾಗ ವಿಶೇಷ ಊಟ ತಾನಾಗಿ ಹಿಂಬಾಲಿಸಿ ಬರುತ್ತದೆಂಬ ಖಾತರಿಯಿಲ್ಲ. ಸಮಯ ಇದ್ದುದರಿಂದ ಫೋನ್ ಮಾಡಿ ಮತ್ತೆ ಸೇರಿಸಿದೆವು. ಅಕ್ಕನಿಗೆ ಹೇಳಿದ್ದ ಗಾಲಿ ಕುರ್ಚಿಯನ್ನೂ ಅದೇ ಕರೆಯಲ್ಲಿ ಖಚಿತಪಡಿಸಿಕೊಂಡೆವು. ಕೊನೆಯ ಗಳಿಗೆಯಲ್ಲಿ ಬಿಡ್ ಗೆದ್ದರೆ ಊಟ ಬದಲಿಸಲು ಕಾಲಾವಕಾಶ ಇರುವುದಿಲ್ಲ. ಖರ್ಜೂರ, ಒಣ ಚಪಾತಿ ಕೈಚೀಲದಲ್ಲಿರಲಿ. ಸಾಮಾನಿನ ತೂಕದ ಮಿತಿ ಹಳೆಯ ಟಿಕೆಟಿನದೋ ಹೊಸ ದರ್ಜೆಯದೋ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಅದನ್ನೂ ಕೇಳಿ ತಿಳಿಯಿರಿ.

ಮರಳುವಾಗಿನ ಬಿಡ್ ಸೋತಿತು, ಹಣವೂ ಕಡಿತವಾಗಲಿಲ್ಲ. ಒಬ್ಬರಿಗೆ ಒಟ್ಟು ತಗುಲಿದ್ದು 2,35,000. “ಕುಳಿತೇ ಬಂದೆ, ಗಂಟೆಗೊಮ್ಮೆ ಎದ್ದು ನಡೆದೆ, ಪಾದ ಸ್ವಲ್ಪ ಊದಿತ್ತು, ಎರಡು ದಿನದಲ್ಲಿ ಇಳಿಯಿತು” ಎಂದಳು ಅಕ್ಕ. ಆಕೆಗೆ ಇದು ಸಹಿಸಬಹುದಾದ ಸೋಲು.

ಎಲ್ಲರಿಗೂ ಹಾಗಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ, ಹೆಚ್ಚು ಹೊತ್ತು ಕೂರಲೇಬಾರದೆಂದು ವೈದ್ಯರು ಹೇಳಿದ್ದರೆ ಅಂಥವರಿಗೆ ಹರಾಜು ಬೇಡ. ಸಾಧ್ಯವಿದ್ದರೆ ನೇರವಾಗಿ ಬಿಸಿನೆಸ್ ಕೊಳ್ಳಿ. ಎರಡು ಕಡೆಗೂ ಹಣ ಸಾಲದಿದ್ದರೆ ಹೋಗುವ ದಾರಿಗೆ ಬಿಸಿನೆಸ್, ಬರುವ ದಾರಿಗೆ ಪ್ರೀಮಿಯಂ ಎಂದು ಒಂದೇ ಟಿಕೆಟಿನಲ್ಲಿ ಬೆರೆಸಿದರೆ ಎಷ್ಟಾಗುತ್ತದೆಂದು ಕೇಳಿ ನೋಡಿ. ಕೂರಲು ಯಾವ ತೊಂದರೆಯೂ ಇಲ್ಲದ ಗಟ್ಟಿ ಶರೀರದವರು ಸಾಮಾನ್ಯ ದರ್ಜೆ ಕೊಂಡು, ರಾತ್ರಿಯ ಒಂದು ಹಾರಾಟಕ್ಕೆ ಕನಿಷ್ಠ ಬಿಡ್ ಹಾಕಿ ಸುಮ್ಮನಿರಬಹುದು. ಬಂದರೆ ಬರಲಿ, ಬಾರದಿದ್ದರೆ ಅವರ ಹಣ ಅವರಲ್ಲೇ ಇರುತ್ತದೆ.