ಊಟವಾದ ಮೇಲೆ ಎಷ್ಟು ಸೋಂಪು, ಎಷ್ಟು ಲವಂಗ?

ಶುಕ್ರವಾರ ಜುಮಾ ನಮಾಜ್ ಮುಗಿಸಿ, ಬಿರಿಯಾನಿ ತಿಂದು ಮಧ್ಯಾಹ್ನದ ಕ್ಲಾಸಿಗೆ ಬಂದು ಕೂರುವವರು ನಮ್ಮಲ್ಲಿ ಬಹಳ. ಬಿರಿಯಾನಿ ಜೊತೆಗೆ ಹಸಿ ಈರುಳ್ಳಿ ಹಾಕಿದ ಮೊಸರಿನ ಚಟ್ನಿ ಇದ್ದೇ ಇರುತ್ತದೆ. ಪಕ್ಕದಲ್ಲಿ ಕೂತವರಿಗೆ ವಾಸನೆ ಬರಬಾರದು, ಹೊಟ್ಟೆಯೂ ಹಗುರವಾಗಿರಬೇಕು ಎಂದು ಮನೆಗಳಲ್ಲಿ ಸೋಂಪು, ಏಲಕ್ಕಿ, ಲವಂಗ ಇಟ್ಟಿರುತ್ತಾರೆ. ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟರೂ ಮೂರರ ಅಳತೆ ಒಂದೇ ಅಲ್ಲ.

ಹೊಟ್ಟೆ ಉಬ್ಬರಕ್ಕೆ ಸೋಂಪು ಒಳ್ಳೆಯದು. ಅದರ ಎಣ್ಣೆಯ ಅಂಶ ಕರುಳಿನ ಬಿಗಿತವನ್ನು ಸ್ವಲ್ಪ ಸಡಿಲಿಸುವುದರಿಂದ ಗಾಳಿ ಸುಲಭವಾಗಿ ಹೊರಹೋಗುತ್ತದೆ. ಒಮ್ಮೆಗೆ ಒಂದು ಚಹಾ ಚಮಚ, ಅಂದರೆ ಸುಮಾರು 2 ಗ್ರಾಂ ಸಾಕು. ಅದನ್ನು ನಿಧಾನವಾಗಿ ಅಗಿಯಬೇಕು. ಬಣ್ಣಬಣ್ಣದ ಸಕ್ಕರೆ ಹಚ್ಚಿದ ಸೋಂಪನ್ನು ಮುಷ್ಟಿಗಟ್ಟಲೆ ತಿಂದರೆ ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಸಕ್ಕರೆಯೇ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಬರಿಯ ಸೋಂಪನ್ನೇ ಕೊಡಬೇಕು.

ಬಾಯಿ ವಾಸನೆಗೆ ಏಲಕ್ಕಿ ಹಿತ. ಒಂದು ಹಸಿರು ಏಲಕ್ಕಿಯ ಸಿಪ್ಪೆ ಬಿಡಿಸಿ ಒಳಗಿನ ಕರಿ ಬೀಜಗಳನ್ನು ಅಗಿದರೆ ಜೊಲ್ಲು ಹೆಚ್ಚಾಗಿ ಬಾಯಿ ತೊಳೆದಂತಾಗುತ್ತದೆ. ಆದರೆ ಈರುಳ್ಳಿ, ಬೆಳ್ಳುಳ್ಳಿಯ ವಾಸನೆ ಬಾಯಲ್ಲಿ ಮಾತ್ರ ಇರುವುದಿಲ್ಲ. ಅದರ ಗಂಧಕದ ಅಂಶ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಗಂಟೆಗಟ್ಟಲೆ ಬರುತ್ತಲೇ ಇರುತ್ತದೆ. ಹಾಗಾಗಿ ನಾಲ್ಕು ಏಲಕ್ಕಿ ತಿಂದರೂ ಅದು ಪೂರ್ತಿ ಹೋಗುವುದಿಲ್ಲ. ಶುಕ್ರವಾರ ಹಸಿ ಈರುಳ್ಳಿ ಕಡಿಮೆ ಮಾಡುವುದೇ ಸುಲಭ.

ಮೂರರಲ್ಲಿ ಲವಂಗವೇ ಖಾರ. ಒಂದು ಲವಂಗ ಸಾಕು. ಅದರಲ್ಲಿರುವ ಯೂಜಿನಾಲ್ ಎಂಬ ಎಣ್ಣೆ ಬಾಯನ್ನು ಜುಮ್ಮೆನಿಸುತ್ತದೆ. ಹೆಚ್ಚಾದರೆ ಒಸಡು ಉರಿಯುತ್ತದೆ. ಎದೆಯುರಿ ಇರುವವರಿಗೆ ಉರಿ ಹೆಚ್ಚಾಗಲೂಬಹುದು. ಹಾಗಾದರೆ ಬಿಟ್ಟುಬಿಡಬೇಕು.

ಈ ಜುಮ್ಮೆನಿಸುವ ಗುಣದಿಂದಲೇ ನಮ್ಮ ಚಾಚಾ ಮೋಸಹೋದರು. ಹುಳುಕು ಹಲ್ಲಿನ ಹತ್ತಿರ ಲವಂಗ ಒತ್ತಿಟ್ಟುಕೊಂಡರೆ ನೋವು ಕಡಿಮೆಯಾಗುತ್ತಿತ್ತು. ಎರಡು ತಿಂಗಳು ಹಾಗೇ ಕಳೆದರು. ನೋವು ಮರೆಯಾಗುತ್ತಿತ್ತೇ ಹೊರತು ಹುಳುಕು ಒಳಗೆ ಬೆಳೆಯುತ್ತಲೇ ಇತ್ತು. ಕೆನ್ನೆ ಊದಿದ ಮೇಲೆ ದಂತವೈದ್ಯರ ಬಳಿ ಹೋದರು. ಹಲ್ಲು ಕೀಳಿಸಬೇಕಾಯಿತು. ಲವಂಗ ಇಟ್ಟ ಮೇಲೂ ಹಲ್ಲುನೋವು ಮಾರನೆ ದಿನ ಮತ್ತೆ ಬಂದರೆ ಡಾಕ್ಟರಿಗೆ ತೋರಿಸುವ ಸಮಯ ಬಂತು ಎಂದೇ ಅರ್ಥ. ದಿನಾ ಬೆಳಿಗ್ಗೆ ಹಲ್ಲು, ನಾಲಿಗೆ ಚೆನ್ನಾಗಿ ಉಜ್ಜಿದರೂ ಬಾಯಿ ವಾಸನೆ ವಾರಗಟ್ಟಲೆ ಹೋಗದಿದ್ದರೆ ಆಗಲೂ ತೋರಿಸಬೇಕು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ತಟ್ಟೆಯನ್ನು ಎತ್ತರದಲ್ಲಿಡಿ. ಕಾಳು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಲವಂಗದ ಎಣ್ಣೆಯ ಬಾಟಲಿಯಂತೂ ಅವರ ಕೈಗೆ ಸಿಗಲೇಬಾರದು. ಅದನ್ನು ಸ್ವಲ್ಪ ಕುಡಿದರೂ ಮಗುವಿಗೆ ಅಪಾಯ.