ಸಣ್ಣ ಗಿಂಡಿಯ ಕಾಫಿ: ಬುರುಗು ಉಳಿಯಬೇಕು, ಗಸಿ ಬಾಯಿಗೆ ಬರಬಾರದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ನಾಲ್ಕೂ ತಾಲೂಕಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೇಳುವ ಮಾತು "ಚಹಾ ಕುಡೀತೀರಿ?" ಎಂದೇ. ಕಾಫಿ ಎಂದರೆ ನಮ್ಮ ಕಡೆ ಬಿಸಿ ಹಾಲಿಗೆ ಹಾಕಿ ಕದಡುವ, ಕರಗುವ ಪುಡಿ ಅಷ್ಟೇ. ಹೀಗಿರುವಾಗ ನಾಲ್ಕೂ ತಾಲೂಕಿನ ನಾವು ನಾಲ್ವರು ಗೆಳೆಯರು ಸೇರಿ ತುರ್ಕಿಯ ಜೆಜ್ವೆ ಕಾಫಿಯ ಹಿಂದೆ ಬಿದ್ದದ್ದಕ್ಕೆ ಒಂದು ಕಾರಣವಿತ್ತು.

ನಮ್ಮಲ್ಲೊಬ್ಬರ ಕಾಕಾ ಬನಹಟ್ಟಿಯಲ್ಲಿ ಮಗ್ಗದ ಕೆಲಸಗಾರರು. ರಾತ್ರಿ ಪಾಳಿಯಲ್ಲಿ ಪವರ್‌ಲೂಮಿನ ಸದ್ದಿನ ನಡುವೆ ನಿದ್ದೆ ತಡೆಯಲು ಏಳೆಂಟು ಸಲ ಹಾಲು ಸಕ್ಕರೆಯ ಚಹಾ ಕುಡಿಯುತ್ತಿದ್ದರು. ಸಕ್ಕರೆ ಕಾಯಿಲೆ ಕಂಡುಬಂದ ಮೇಲೆ ಡಾಕ್ಟರು ಅದನ್ನು ಬಿಡಿಸಿದರು. ಬರೀ ಕರಿ ಚಹಾ ಕೊಟ್ಟರೆ, "ಒಗರ ಆಗತೈತಿ, ಗಂಟಲಾಗ ಇಳಿಯಂಗಿಲ್ಲ" ಎಂದು ಬಟ್ಟಲು ಸರಿಸುತ್ತಿದ್ದರು. ಹಾಲು ಸಕ್ಕರೆ ಇಲ್ಲದೆಯೂ ದಪ್ಪಗೆ, ರುಚಿಯಾಗಿ ಇರುವ ಕುಡಿಯುವ ವಸ್ತು ಯಾವುದು ಎಂದು ನಾವು ಹುಡುಕತೊಡಗಿದೆವು. ಅದೇ ಹೊತ್ತಿಗೆ ಗಲ್ಫಿನಲ್ಲಿ ದುಡಿಯುವ ನಮ್ಮ ಪರಿಚಯದವರೊಬ್ಬರು ರಜೆಗೆ ಬಂದಾಗ ಒಂದು ಸಣ್ಣ ತಾಮ್ರದ ಜೆಜ್ವೆ ತಂದುಕೊಟ್ಟರು.

ಜೆಜ್ವೆ ನೋಡಲು ಉದ್ದ ಹಿಡಿಕೆಯ ಗಿಂಡಿಯಂತೆ. ತಳ ಅಗಲ, ಕೊರಳು ಸಣ್ಣದು. ಒಳಗೆ ಕಲಾಯಿ ಇರುತ್ತದೆ. ತುರ್ಕಿ ಭಾಷೆಯಲ್ಲೂ ತವರಕ್ಕೆ 'ಕಲಾಯ್' ಎಂದೇ ಅನ್ನುತ್ತಾರೆ. ಕಲಾಯಿ ಸವೆದು ಕೆಂಪು ತಾಮ್ರ ಕಂಡರೆ ಮತ್ತೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಕಾಯಿಸಬಾರದು, ಕಾಫಿಗೆ ಸ್ವಲ್ಪ ಹುಳಿ ಗುಣವಿದೆ. ಜೆಜ್ವೆ ಇಲ್ಲದವರು ಕೊರಳು ಸಣ್ಣದಾದ ಪುಟ್ಟ ಸ್ಟೀಲ್ ತಂಬಿಗೆಯನ್ನು ಇಕ್ಕಳದಲ್ಲಿ ಹಿಡಿದು ಮಾಡಬಹುದು. ಒಗ್ಗರಣೆ ಸೌಟಿಗೂ ಉದ್ದ ಹಿಡಿಕೆ ಇದೆ, ಆದರೆ ಅದರ ಬಾಯಿ ಅಗಲ. ಮೇಲೆದ್ದ ಬುರುಗು ಅಲ್ಲಿ ತೆಳುವಾಗಿ ಹರಡಿ ಒಡೆದುಹೋಗುತ್ತದೆ. ಸಣ್ಣ ಕೊರಳಿನಲ್ಲಿ ಅದೇ ಬುರುಗು ಒತ್ತೊತ್ತಾಗಿ ಕೂಡಿ ಮುಚ್ಚಳದ ಹಾಗೆ ನಿಲ್ಲುತ್ತದೆ. ಆದ್ದರಿಂದ ನೀರು ಕೊರಳಿನ ಕೆಳಗಿನವರೆಗೆ ಬರುವಷ್ಟು ಸಣ್ಣ ಪಾತ್ರೆಯೇ ಬೇಕು. ನಾಲ್ಕು ಬಟ್ಟಲಿನ ಪಾತ್ರೆಯಲ್ಲಿ ಒಂದು ಬಟ್ಟಲು ಕಾಯಿಸಿದರೆ ಬುರುಗು ನಿಲ್ಲುವುದಿಲ್ಲ.

ಈ ಕಾಫಿಯನ್ನು ಸೋಸುವುದಿಲ್ಲ. ಪುಡಿ ಬಟ್ಟಲಿನ ತಳಕ್ಕೆ ಕೂತು ಗಸಿಯಾಗಬೇಕು, ಮೇಲಿನದನ್ನಷ್ಟೇ ಕುಡಿಯಬೇಕು. ಹಾಗಾಗಿ ಎಲ್ಲವೂ ನಿಂತಿರುವುದು ಪುಡಿಯ ಮೇಲೆ. ಅದು ಗೋಧಿ ಹಿಟ್ಟಿನಷ್ಟು ನುಣ್ಣಗಿರಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದರೆ ರವೆಯ ಹಾಗೆ ಒಂದು ಕಾಳೂ ತಾಗಬಾರದು.

ಇದನ್ನು ತಿಳಿಯಲು ಮೂರು ಬಗೆಯ ಪುಡಿ ಇಟ್ಟುಕೊಂಡು ನೋಡಿದೆವು. ಒಂದು, ಅಂಗಡಿಯಲ್ಲಿ ಸಿಗುವ ಫಿಲ್ಟರ್ ಕಾಫಿ ಪುಡಿ. ಅದು ಡಿಕಾಕ್ಷನ್ ಇಳಿಸುವುದಕ್ಕೆಂದು ದಪ್ಪಗೆ ಬೀಸಿದ್ದು, ಜೊತೆಗೆ ಹೆಚ್ಚಾಗಿ ಚಿಕೋರಿಯೂ ಬೆರೆತಿರುತ್ತದೆ. ಬಟ್ಟಲಿಗೆ ಸುರಿದಾಗ ಪುಡಿಯ ಚೂರುಗಳು ಮೇಲೆಯೇ ತೇಲುತ್ತಿದ್ದವು. ಕಾಕಾ ಒಂದು ಗುಟುಕು ಕುಡಿದು, "ಬಾಯಾಗ ಉಸುಕ ಬಂತು ನೋಡ್ರಿ" ಎಂದರು. ಎರಡು, ಹುರಿದ ಬೀಜವನ್ನು ಮಿಕ್ಸರಿನಲ್ಲಿ ಹಾಕಿದ್ದು. ಮಿಕ್ಸರಿನ ಅಲಗು ಬೀಜವನ್ನು ಒಡೆಯುತ್ತದೆಯೇ ಹೊರತು ಬೀಸುವುದಿಲ್ಲ. ಒಂದಿಷ್ಟು ಧೂಳಾಗುತ್ತದೆ, ಒಂದಿಷ್ಟು ರವೆಯಾಗಿಯೇ ಉಳಿಯುತ್ತದೆ. ಆ ರವೆಯೇ ಹಲ್ಲಿಗೆ ಸಿಗುವುದು. ಹೆಚ್ಚು ಹೊತ್ತು ತಿರುಗಿಸಿದರೆ ಜಾರು ಬಿಸಿಯಾಗಿ ಕಾಫಿಯ ವಾಸನೆ ಅಲ್ಲಿಯೇ ಹಾರಿಹೋಗುತ್ತದೆ.

ಮೂರನೆಯದು ಬೀಸುಕಲ್ಲಿನ ಪುಡಿ. ಮುಧೋಳದ ಗೆಳೆಯನ ಮನೆಯಲ್ಲಿ ಅವನ ಅವ್ವ ಇನ್ನೂ ಬೀಸುಕಲ್ಲು ಇಟ್ಟುಕೊಂಡಿದ್ದಾರೆ. ಅವರು ಮೊದಲು ಕೇಳಿದ್ದು ಕಾಫಿಯ ಬಗ್ಗೆ ಅಲ್ಲ, ಕಲ್ಲಿನ ಬಗ್ಗೆ. "ಕಲ್ಲ ಹೊಸದಾಗಿ ಹೊಡಿಸೀವಿ, ಮೊದಲ ಒಂದ ಹಿಡಿ ಜ್ವಾಳ ಬೀಸಿ ಚೆಲ್ಲೂಣು. ಇಲ್ಲಂದ್ರ ಕಲ್ಲಿನ ಗರಸು ಬರತೈತಿ" ಎಂದರು. ರೊಟ್ಟಿ ಹಿಟ್ಟಿಗೆ ಅನ್ವಯಿಸುವ ಮಾತು ಕಾಫಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬೀಜವನ್ನು ಕುಟ್ಟಿ ನುಚ್ಚು ಮಾಡಿಕೊಂಡು, ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಎರಡು ಸಲ ಬೀಸಿದರು. ಆಮೇಲೆ ಒಣಗಿದ, ಒತ್ತಾಗಿ ನೇಯ್ದ ತೆಳು ಹತ್ತಿ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿದೆವು. ಕಾಫಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಬಟ್ಟೆಯ ಸಂದು ಬೇಗ ಕಟ್ಟುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಿ ತಟ್ಟಬೇಕು. ಬಟ್ಟೆ ಬೇಡವೆಂದರೆ ಮೈದಾ ಸಾಣಿಗೆ ಸಾಕು. ಉಳಿದ ರವೆಯನ್ನು ಮತ್ತೆ ಕಲ್ಲಿಗೆ ಹಾಕಬಹುದು. ಕೊನೆಗೆ ಇನ್ನೊಂದು ಹಿಡಿ ಜೋಳ ಬೀಸಿ ತೆಗೆದರೆ ಕಲ್ಲಿನ ಕಾಫಿ ವಾಸನೆಯೂ ಹೋಗುತ್ತದೆ. ಹಿಟ್ಟಿನ ಗಿರಣಿಗೆ ಮಾತ್ರ ಕಾಫಿ ಒಯ್ಯಬೇಡಿ, ನಿಮ್ಮ ಹಿಂದೆ ನಿಂತವರ ಜೋಳದ ಹಿಟ್ಟಿಗೆ ಅದರ ವಾಸನೆ ಹತ್ತುತ್ತದೆ.

ಬೀಜ ತಂದದ್ದು ಚಿಕ್ಕಮಗಳೂರಿನಿಂದ, ಹೊಸದಾಗಿ ಹುರಿದ ಅರೇಬಿಕಾ. ಬಾಬಾ ಬುಡನ್ ಎಂಬ ಸೂಫಿ ಸಂತ 17ನೇ ಶತಮಾನದಲ್ಲಿ ಯೆಮೆನ್ನಿನ ಮೋಕಾದಿಂದ 7 ಬೀಜ ತಂದು ಅಲ್ಲಿನ ಗಿರಿಯಲ್ಲಿ ಹಾಕಿದರೆಂದು ಹೇಳುತ್ತಾರೆ. ಆ ಕಾಲದ ಯೆಮೆನ್, ತುರ್ಕಿಗಳಲ್ಲಿ ಕಾಫಿಯನ್ನು ಹೀಗೆ ಸಣ್ಣ ಪಾತ್ರೆಯಲ್ಲಿ ಪುಡಿ ಸಮೇತ ಕಾಯಿಸುತ್ತಿದ್ದರು. ನಮ್ಮ ಫಿಲ್ಟರ್ ಪದ್ಧತಿ ಅದಕ್ಕಿಂತ ಬಹಳ ಈಚಿನದು. ತುರ್ಕಿಯ ಈ ಕಾಫಿ ಪದ್ಧತಿ 2013ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು.

ಹೊಸದಾಗಿ ಹುರಿದ ಬೀಜ ಬೇಕೆನ್ನುವುದು ಬುರುಗಿಗಾಗಿ. ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ಸೇರಿಕೊಳ್ಳುತ್ತದೆ. ನೀರು ಕಾದಂತೆ ಅದು ಸಣ್ಣ ಸಣ್ಣ ಗುಳ್ಳೆಯಾಗಿ ಹೊರಬರುತ್ತದೆ, ನುಣ್ಣನೆಯ ಪುಡಿ ಆ ಗುಳ್ಳೆಗಳನ್ನು ಹಿಡಿದು ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇದ್ದ ಪುಡಿಯಿಂದ ಅನಿಲ ಆಗಲೇ ಹೋಗಿರುತ್ತದೆ. ಎಷ್ಟು ಜೋಪಾನವಾಗಿ ಕಾಯಿಸಿದರೂ ಅದರ ಮೇಲೆ ಬುರುಗು ಏಳದಿದ್ದರೆ ತಪ್ಪು ಉರಿಯದಲ್ಲ, ಪುಡಿಯದು.

ಇನ್ನು ಕಾಯಿಸುವ ಲೆಕ್ಕ. ಇಬ್ಬರಿಗೆ ಎಂದುಕೊಳ್ಳಿ. ಒಂದೊಂದು ಬಟ್ಟಲಿಗೆ 65 ಮಿಲಿ ತಣ್ಣೀರು, 7 ಗ್ರಾಂ ಪುಡಿ. ಅಂದರೆ 130 ಮಿಲಿ ನೀರಿಗೆ ಸಣ್ಣ ಚಮಚದಲ್ಲಿ ತುಂಬಿ ತುಂಬಿ ನಾಲ್ಕು ಚಮಚ. ಯಾವ ನೀರಿನಲ್ಲಿ ಬ್ಯಾಳಿ ಚೆನ್ನಾಗಿ ಬೇಯುತ್ತದೋ ಆ ನೀರು ತೆಗೆದುಕೊಳ್ಳಿ. ಬ್ಯಾಳಿ ಬೇಯದ ಬೋರಿನ ಗಡಸು ನೀರಿನಲ್ಲಿ ಕಾಫಿಯ ಹುಳಿ ಸತ್ತು ರುಚಿ ಸಪ್ಪಗಾಗುತ್ತದೆ. ಸಿಹಿ ಬೇಕಾದವರು ಈಗಲೇ ಹಾಕಬೇಕು, ಆಮೇಲೆ ಹಾಕಿ ಕದಡಿದರೆ ಗಸಿ ಏಳುತ್ತದೆ. ಮಹಾಲಿಂಗಪುರದ ಬೆಲ್ಲವೂ ನಡೆಯುತ್ತದೆ. ಆದರೆ ಅದನ್ನು ಮೊದಲೇ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿಕೊಳ್ಳಿ, ಬೆಲ್ಲದಲ್ಲೂ ಉಸುಕು ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ, ಅವರಿಗೆ ಎರಡೂ ಬೇಡ.

ತಣ್ಣೀರಿನಲ್ಲಿಯೇ ಪುಡಿ ಹಾಕಿ, ಗಂಟು ಉಳಿಯದಂತೆ ಚೆನ್ನಾಗಿ ಕದಡಿ. ಪೂರ್ತಿ ಪುಡಿ ತೊಯ್ದ ಮೇಲೆ ಒಲೆಗಿಡಿ. ಅಲ್ಲಿಂದ ಮುಂದೆ ಚಮಚ ಹಾಕಬಾರದು, ಹಾಕಿದರೆ ಬುರುಗು ಒಡೆಯುತ್ತದೆ. ಗ್ಯಾಸಿನ ಉರಿ ಪಾತ್ರೆಯ ಮಗ್ಗಲಿಗೆ ಹತ್ತಬಾರದು. ಸಣ್ಣ ಉರಿಯ ಮೇಲೆ ರೊಟ್ಟಿ ಹಂಚು ಇಟ್ಟು ಅದರ ಮೇಲೆ ಜೆಜ್ವೆ ಇಟ್ಟರೆ ಕಾವು ಹದವಾಗಿ ಏರುತ್ತದೆ. ಬೀಳಗಿಯ ಗೆಳೆಯನ ಮನೆಯಲ್ಲಿ ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯಲ್ಲಿ ಉಳಿಯುವ ಕೆಂಡದ ಮೇಲೆ ಇಟ್ಟೆವು. ಅದಕ್ಕಿಂತ ಒಳ್ಳೆಯ ಕಾವು ನಮಗೆ ಸಿಗಲಿಲ್ಲ.

ನಾಲ್ಕೈದು ನಿಮಿಷ ಬೇರೆ ಕಡೆ ನೋಡುವಂತಿಲ್ಲ. ಮೊದಲು ಅಂಚಿನಲ್ಲಿ ಕಂದು ಬಣ್ಣದ ಬುರುಗು ಬಳೆಯ ಹಾಗೆ ಕಾಣುತ್ತದೆ. ಬಳೆ ನಿಧಾನವಾಗಿ ಒಳಮುಖವಾಗಿ ಕೂಡುತ್ತ, ನಡುವೆ ಸಣ್ಣ ಕಪ್ಪು ಕಣ್ಣು ಉಳಿಯುತ್ತದೆ. ಆ ಕಣ್ಣು ಮುಚ್ಚುತ್ತ, ಬುರುಗು ಕೊರಳಿಗೆ ಏರತೊಡಗಿದ ಕೂಡಲೇ ಪಾತ್ರೆ ಎತ್ತಬೇಕು. ಚಹಾದ ಹಾಗೆ ಇದು ಕುದಿಯಬಾರದು. ಕುದಿ ಬಂದರೆ ದೊಡ್ಡ ಗುಳ್ಳೆಗಳು ಸಣ್ಣ ಗುಳ್ಳೆಗಳನ್ನು ಒಡೆಯುತ್ತವೆ, ತಳಕ್ಕೆ ಕೂರುತ್ತಿದ್ದ ಪುಡಿ ಮತ್ತೆ ಮೇಲೇಳುತ್ತದೆ, ಕಹಿಯೂ ಹೆಚ್ಚುತ್ತದೆ. ಮೇಲೆ ಬಿಳಿಚಿದ ದೊಡ್ಡ ಗುಳ್ಳೆ ಕಂಡರೆ ಕುದಿ ಬಂತೆಂದೇ ಅರ್ಥ.

ಎತ್ತಿದ ಮೇಲೆ ಒಂದೊಂದು ಚಮಚ ಬುರುಗನ್ನು ಎರಡೂ ಬಟ್ಟಲಿಗೆ ಹಂಚಿ. ಪಾತ್ರೆಯನ್ನು ಮತ್ತೆ ಕೆಲವು ಕ್ಷಣ ಕಾವಿಗಿಟ್ಟು, ಇನ್ನೊಮ್ಮೆ ಏಳತೊಡಗಿದಾಗ ಇಳಿಸಿ. ಬಟ್ಟಲಿನ ಅಂಚಿಗೆ ತಾಗಿಸಿ, ಮೆಲ್ಲಗೆ, ಒಂದೇ ಧಾರೆಯಾಗಿ ಸುರಿಯಿರಿ. ಪಾತ್ರೆಯ ತಳದ ಕೊನೆಯ ಗಸಿಯನ್ನು ಬಟ್ಟಲಿಗೆ ಬಗ್ಗಿಸಬೇಡಿ. ಎರಡು ಮೂರು ನಿಮಿಷ ಬಟ್ಟಲನ್ನು ಅಲುಗಿಸದೆ ಬಿಡಿ. ಪುಡಿ ಕೂರಲು ಅಷ್ಟು ಹೊತ್ತು ಬೇಕು. ಮೇಲೆ ಬುರುಗು ಇರುವುದರಿಂದ ಕಾಫಿ ಅಷ್ಟರಲ್ಲಿ ಆರಿಹೋಗುವುದಿಲ್ಲ. ಗುಟುಕು ದಪ್ಪವಾಗಿ, ಕೆಸರಿನಂತೆ ತಾಗತೊಡಗಿದಾಗ ಬಟ್ಟಲು ಕೆಳಗಿಡಬೇಕು. ತಳದ ಬೆರಳಗಲ ಗಸಿ ಕುಡಿಯುವುದಕ್ಕಲ್ಲ.

ಬೀಸುಕಲ್ಲಿನ ಪುಡಿಯ ಬಟ್ಟಲು ಕೈಗೆ ಕೊಟ್ಟಾಗ ಕಾಕಾ, "ಇದೇನ ತಮ್ಮಾ, ಔಷಧ ಕೊಟ್ಟಂಗ ಇಷ್ಟs ಕೊಡಾಕತ್ತೀರಿ?" ಎಂದು ನಕ್ಕರು. ಸಕ್ಕರೆ ಇರಲಿಲ್ಲ, ಒಂದು ಏಲಕ್ಕಿ ಮಾತ್ರ ಜಜ್ಜಿ ಹಾಕಿದ್ದೆವು. ಅರ್ಧ ಬಟ್ಟಲು ಮುಗಿಸಿದ ಮೇಲೆ, "ಉಸುಕ ಇಲ್ಲ. ಹಾಲ ಹಾಕಿದಂಗ ದಪ್ಪ ಐತಲ್ಲ" ಎಂದರು. ಆ ದಪ್ಪ ಬರುವುದು ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ಮತ್ತು ಕಾಫಿಯ ಎಣ್ಣೆ ಎರಡೂ ಸೋಸಿ ಹೋಗದೆ ಬಟ್ಟಲಿನಲ್ಲೇ ಉಳಿಯುವುದರಿಂದ.

ಅದೇ ಎಣ್ಣೆಯಿಂದ ಒಂದು ತೊಂದರೆಯೂ ಇದೆ. ಸೋಸದ ಕಾಫಿಯಲ್ಲಿ ಉಳಿಯುವ ಕೆಫೆಸ್ಟಾಲ್ ಎಂಬ ಅಂಶ ರಕ್ತದ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಸುತ್ತದೆ. ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಅದು ಅಲ್ಲಿಯೇ ನಿಲ್ಲುತ್ತದೆ, ಜೆಜ್ವೆಯಲ್ಲಿ ಬಹಳಷ್ಟು ನಮ್ಮ ಹೊಟ್ಟೆಗೇ ಬರುತ್ತದೆ. ಹಾಗಾಗಿ ಏಳೆಂಟು ಚಹಾದ ಜಾಗಕ್ಕೆ ಏಳೆಂಟು ಕಾಫಿ ಇಡುವಂತಿಲ್ಲ. ಕಾಕಾ ತಮ್ಮ ಡಾಕ್ಟರನ್ನು ಕೇಳಿಕೊಂಡೇ ದಿನಕ್ಕೆ ಒಂದು ಬಟ್ಟಲಿಗೆ ನಿಂತಿದ್ದಾರೆ. ಮಲಗುವ ಮುಂಚಿನ ಆರು ತಾಸು ಕಾಫಿ ಕುಡಿಯದಿದ್ದರೆ ನಿದ್ದೆಗೆ ಒಳ್ಳೆಯದು. ಅವರು ಮಲಗುವುದು ಬೆಳಗ್ಗೆ ಪಾಳಿ ಮುಗಿದ ಮೇಲೆ. ಅದಕ್ಕೇ ರಾತ್ರಿ ಹತ್ತರ ಸುಮಾರಿಗೆ, ಮಗ್ಗಕ್ಕೆ ಹೋಗುವ ಮುಂಚೆ, ಕಾಕೂ ಹಂಚಿನ ಮೇಲೆ ಜೆಜ್ವೆ ಇಡುತ್ತಾರೆ. ಗಸಿ ಹಿತ್ತಲಿನ ಕರಿಬೇವಿನ ಬುಡಕ್ಕೆ ಹೋಗುತ್ತದೆ.