ಜಿಡಿಪಿ ಬರೋ ಮೊದಲೇ ಜಿಡಿಪಿ

ನಮ್ಮ ದೇಶದ ಜಿಡಿಪಿ ಅಂಕಿ ಮೂರು ತಿಂಗಳಿಗೊಮ್ಮೆ ಬರುತ್ತೆ, ಅದೂ ತಡವಾಗಿ. ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕ ಕೈಗೆ ಸಿಗೋದು ಆಗಸ್ಟ್ ಕೊನೆಗೆ. ಅಷ್ಟರಲ್ಲಿ ನಮ್ಮ ಒಂದು ಇಂಟರ್ನಲ್ಸ್ ಮುಗಿದು ಇನ್ನೊಂದು ಹತ್ತಿರ ಬಂದಿರುತ್ತೆ. ಆದ್ರೆ ಆ ಎರಡು ತಿಂಗಳು ದೇಶ ಕತ್ತಲಲ್ಲಿ ಇರೋದಿಲ್ಲ. ಪ್ರತಿ ತಿಂಗಳೂ ಜಿಎಸ್‌ಟಿ ಸಂಗ್ರಹ ಎಷ್ಟಾಯ್ತು ಅಂತ ಸುದ್ದಿ ಬರುತ್ತೆ, ಕಾರ್ಖಾನೆಗಳ ಉತ್ಪಾದನೆ ಹೇಳೋ ಐಐಪಿ ಸೂಚ್ಯಂಕ ಬರುತ್ತೆ. ಈ ತಿಂಗಳ ಅಂಕಿಗಳಿಂದ ತ್ರೈಮಾಸಿಕದ ಜಿಡಿಪಿಯನ್ನ ಮೊದಲೇ ಅಂದಾಜು ಮಾಡೋದಕ್ಕೆ ನೌಕಾಸ್ಟಿಂಗ್ ಅಂತಾರೆ. ನಾಳೆಯ ಭವಿಷ್ಯ ಹೇಳೋದಲ್ಲ ಇದು. ಆಗಲೇ ನಡೆದುಹೋಗಿರೋದನ್ನ, ಲೆಕ್ಕ ಬರೋ ಮೊದಲು ಊಹಿಸೋದು.

ಓಪನ್ ಎಲೆಕ್ಟಿವ್ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಈ ವಿಷಯ ತಗೊಂಡ್ವಿ. ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬ ಮೆಕ್ಯಾನಿಕಲ್, ಒಬ್ಬಳು ಕಂಪ್ಯೂಟರ್ ಸೈನ್ಸ್. ಎಕನಾಮಿಕ್ಸ್ ಓದಿದವರು ಯಾರೂ ಇಲ್ಲ. ಆದ್ರೂ ತೊಂದರೆ ಏನು ಅಂತ ತಕ್ಷಣ ಅರ್ಥ ಆಯ್ತು, ಯಾಕಂದ್ರೆ ಇದು ಸ್ಯಾಂಪ್ಲಿಂಗ್ ರೇಟ್ ತೊಂದರೆ. ಎಡಗಡೆ ತ್ರೈಮಾಸಿಕಕ್ಕೆ ಒಂದು ಸಂಖ್ಯೆ, ಬಲಗಡೆ ಮೂರು. ಇವನ್ನ ಒಂದೇ ಸಮೀಕರಣದಲ್ಲಿ ಕೂರಿಸೋದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯೋ ದಾರಿ, ಮೂರು ತಿಂಗಳ ಸರಾಸರಿ ತಗೊಳ್ಳೋದು. ಇದು ಎಲ್ಲಿ ಕೈಕೊಡುತ್ತೆ ಅಂತ ನೋಡೋಕೆ 2020ರ ಏಪ್ರಿಲ್-ಜೂನ್ ತ್ರೈಮಾಸಿಕಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಲಾಕ್‌ಡೌನ್ ಶುರುವಾಗಿದ್ದು ಮಾರ್ಚ್ 25ಕ್ಕೆ. ಏಪ್ರಿಲ್‌ನಲ್ಲಿ ಜಿಎಸ್‌ಟಿ ಸಂಗ್ರಹ ಸುಮಾರು 32 ಸಾವಿರ ಕೋಟಿ, ಮೇನಲ್ಲಿ 62 ಸಾವಿರ ಕೋಟಿ, ಜೂನ್‌ನಲ್ಲಿ 91 ಸಾವಿರ ಕೋಟಿ. ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿದ್ರೆ ಕ್ರಮವಾಗಿ ಶೇ 72, ಶೇ 38, ಶೇ 9ರಷ್ಟು ಕುಸಿತ. ಸರಾಸರಿ ಸುಮಾರು ಶೇ 40. ಆಗಸ್ಟ್ 31ಕ್ಕೆ ಬಂದ ಜಿಡಿಪಿಯ ಮೊದಲ ಅಂದಾಜು ಶೇ 23.9ರ ಕುಸಿತ.

ಇಲ್ಲಿ ಸ್ವಲ್ಪ ನಿಂತು ನೋಡಿ. ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಬರೋ ಜಿಎಸ್‌ಟಿ ಏಪ್ರಿಲ್‌ನ ವ್ಯಾಪಾರದ್ದಲ್ಲ, ಬಹುಪಾಲು ಮಾರ್ಚ್‌ನದು. ಒಂದು ತಿಂಗಳ ರಿಟರ್ನ್ಸ್ ಫೈಲ್ ಮಾಡಿ ತೆರಿಗೆ ಕಟ್ಟೋದು ಮುಂದಿನ ತಿಂಗಳು. ಸಿಗ್ನಲ್‌ನಲ್ಲಿ ಒಂದು ಸ್ಯಾಂಪಲ್ ಡಿಲೇ ಇದೆ ಅಂದ್ಕೊಳ್ಳಿ. ಹಾಗಾದ್ರೆ ಏಪ್ರಿಲ್-ಜೂನ್ ವ್ಯಾಪಾರ ಕಾಣೋದು ಮೇ, ಜೂನ್, ಜುಲೈ ಸಂಗ್ರಹದಲ್ಲಿ. ಜುಲೈ 2020ರ ಕುಸಿತ ಶೇ 14. ಈಗ ಸರಾಸರಿ ತಗೊಂಡ್ರೆ ಶೇ 38, 9, 14 ಸೇರಿ ಸುಮಾರು ಶೇ 20. ಒಂದು ತಿಂಗಳು ಪಕ್ಕಕ್ಕೆ ಸರಿಸಿದ್ದಕ್ಕೇ ಅಂದಾಜು 40ರಿಂದ 20ಕ್ಕೆ ಇಳೀತು.

23.9ಕ್ಕೆ ಹತ್ತಿರ ಬಂತು ಅಂತ ಖುಷಿಪಡೋ ಹಾಗಿಲ್ಲ. ಮಾರ್ಚ್‌ನ ಬಹುಪಾಲು ದಿನ ಅಂಗಡಿಗಳು ತೆರೆದೇ ಇದ್ವು, ಆದ್ರೂ ಏಪ್ರಿಲ್ ಸಂಗ್ರಹ ಶೇ 72 ಬಿದ್ದಿದೆ. ಕಾರಣ, ಆ ದಿನಗಳಲ್ಲಿ ರಿಟರ್ನ್ಸ್ ಸಲ್ಲಿಸೋ ಗಡುವನ್ನ ಸಡಿಲ ಮಾಡಿದ್ರು. ಏಪ್ರಿಲ್‌ನಲ್ಲಿ ಬರಬೇಕಾದ ದುಡ್ಡು ಮೇ, ಜೂನ್‌ಗೆ ಹೋಯ್ತು. ಅಂದ್ರೆ ಜೂನ್‌ನ ಚೇತರಿಕೆಯಲ್ಲೂ ಒಂದು ಭಾಗ ಹಳೇ ಬಾಕಿ. ಅದಲ್ಲದೆ ಜಿಎಸ್‌ಟಿ ಅಂಕಿಯಲ್ಲಿ ಬೆಲೆ ಏರಿಕೆ ಸೇರಿರುತ್ತೆ, ನಾವು ಹೇಳೋ ಜಿಡಿಪಿ ಬೆಳವಣಿಗೆಯಲ್ಲಿ ಅದನ್ನ ತೆಗೆದಿರ್ತಾರೆ. ಒಂದು ತಿಂಗಳಿಗೆ ಎಷ್ಟು ತೂಕ ಕೊಡಬೇಕು ಅನ್ನೋದನ್ನ ನಾವು ಕೂತು ತೀರ್ಮಾನಿಸೋಕಾಗಲ್ಲ, ಹಳೇ ಡೇಟಾದಿಂದ ಕಲೀಬೇಕು.

ಅದಕ್ಕೇ ಇರೋದು ಮಿಡಾಸ್. ಮಿಕ್ಸೆಡ್ ಡೇಟಾ ಸ್ಯಾಂಪ್ಲಿಂಗ್ ಅನ್ನೋದರ ಹ್ರಸ್ವ ರೂಪ. ಎರಿಕ್ ಗೀಸೆಲ್ಸ್, ಪೆಡ್ರೋ ಸಾಂತಾ-ಕ್ಲಾರಾ, ರೋಸೆನ್ ವಾಲ್ಕನೋವ್ ಈ ಮೂವರು 2004ರ ಸುಮಾರಿಗೆ ಮುಂದಿಟ್ಟ ವಿಧಾನ. ಪ್ರತಿ ತಿಂಗಳನ್ನೂ ಬೇರೆ ಬೇರೆ ಕಾಲಂ ಮಾಡಿ ಪ್ರತಿಯೊಂದಕ್ಕೂ ಸ್ವಂತ ಗುಣಾಂಕ ಕೊಟ್ರೆ ಆಗಲ್ವಾ? ಆಗುತ್ತೆ, ಡೇಟಾ ಜಾಸ್ತಿ ಇದ್ರೆ. ಆದ್ರೆ ಜಿಎಸ್‌ಟಿ ಶುರುವಾಗಿದ್ದೇ 2017ರ ಜುಲೈನಲ್ಲಿ. ವರ್ಷದಿಂದ ವರ್ಷಕ್ಕೆ ಬೆಳವಣಿಗೆ ಲೆಕ್ಕ ಹಾಕೋಕೆ 2018ರ ಜುಲೈವರೆಗೆ ಕಾಯಬೇಕು. ಅಲ್ಲಿಂದ 2024ರ ಜೂನ್‌ವರೆಗೆ ಎಣಿಸಿದ್ರೆ 24 ತ್ರೈಮಾಸಿಕ, ಅಷ್ಟೇ. ಮೂರು ಸೂಚಕ, ಪ್ರತಿಯೊಂದಕ್ಕೂ ಆರು ತಿಂಗಳು ಅಂದ್ರೆ 18 ಗುಣಾಂಕ. 24 ಬಿಂದುಗಳಿಗೆ 18 ಗುಣಾಂಕ ಹೊಂದಿಸಿದ್ರೆ ಏನಾಗುತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ.

ಮಿಡಾಸ್ ಮಾಡೋ ಉಪಾಯ ಸರಳ. ತಿಂಗಳುಗಳ ತೂಕ ಒಂದು ನುಣುಪಾದ ವಕ್ರರೇಖೆ ಮೇಲೆ ಕೂರಬೇಕು ಅಂತ ಮೊದಲೇ ಕಟ್ಟಿಹಾಕುತ್ತೆ. ಹೆಚ್ಚು ಬಳಕೆಯಲ್ಲಿರೋದು ಎಕ್ಸ್‌ಪೊನೆನ್ಷಿಯಲ್ ಆಲ್ಮನ್ ರೂಪ:

w_k = exp(θ₁k + θ₂k²) / Σ exp(θ₁j + θ₂j²)

ಎಷ್ಟೇ ತಿಂಗಳು ಹಿಂದಕ್ಕೆ ಹೋದ್ರೂ ಕಲಿಯಬೇಕಾದ್ದು θ₁, θ₂ ಎರಡೇ, ಜೊತೆಗೆ ಒಟ್ಟು ಪರಿಣಾಮದ ಒಂದು ಇಳಿಜಾರು. ತೂಕಗಳೆಲ್ಲ ಸೇರಿ ಒಂದಾಗುತ್ತೆ. ಆರ್‌ನಲ್ಲಿ `midasr` ಅನ್ನೋ ಪ್ಯಾಕೇಜ್ ಇದೆ. ಸಂಗ್ರಹವನ್ನ ಒಂದು ತಿಂಗಳು ಹಿಂದಕ್ಕೆ ಸರಿಸಿ ವ್ಯಾಪಾರ ನಡೆದ ತಿಂಗಳಿಗೆ ಹೊಂದಿಸಿ, ಅದನ್ನ `gst` ಅಂತ ಕರೆದು ನಾವು ಬರೆದಿದ್ದು ಇಷ್ಟು:

```r
midas_r(gdp ~ mls(gst, 1:6, 3, nealmon),
        start = list(gst = c(0.3, -0.5, 0)))
```

ಇದರಲ್ಲಿ 3 ಅಂದ್ರೆ ತ್ರೈಮಾಸಿಕಕ್ಕೆ ಮೂರು ತಿಂಗಳು. `1:6` ಯಾಕೆ, `0:5` ಯಾಕಲ್ಲ? 0 ಅಂದ್ರೆ ತ್ರೈಮಾಸಿಕದ ಕೊನೇ ತಿಂಗಳು. ಆ ತಿಂಗಳ ಅಂಕಿ ಇನ್ನೂ ಬಂದಿಲ್ಲ, ಅದಕ್ಕೆ 1ರಿಂದ ಶುರು. ಪ್ರಾಜೆಕ್ಟ್‌ನ ಅರ್ಧ ಸಮಯ ಈ ಒಂದು ವಿಷಯಕ್ಕೇ ಹೋಯ್ತು.

ಜುಲೈ 15ರಂದು ನೀವು ನಿಂತಿದ್ದೀರಿ ಅಂದ್ಕೊಳ್ಳಿ. ಜುಲೈ ಮೊದಲಿಗೇ ಜೂನ್‌ನ ಜಿಎಸ್‌ಟಿ ಸಂಗ್ರಹ ಬಂದಿದೆ, ಆದ್ರೆ ಅದು ಮೇ ತಿಂಗಳ ವ್ಯಾಪಾರ. ಐಐಪಿ ಸುಮಾರು ಆರು ವಾರ ತಡವಾಗಿ, 12ನೇ ತಾರೀಕಿನ ಹೊತ್ತಿಗೆ ಬರ್ತಿದ್ದ ಕಾಲದಲ್ಲಿ ಅದೂ ಮೇವರೆಗೆ ಮಾತ್ರ. ಅಂದ್ರೆ ತ್ರೈಮಾಸಿಕ ಮುಗಿದು ಹದಿನೈದು ದಿನ ಆದ್ರೂ ಜೂನ್ ಬಗ್ಗೆ ಇವೆರಡೂ ಏನೂ ಹೇಳಲ್ಲ. ಆಗಸ್ಟ್ 1ಕ್ಕೆ ಜುಲೈ ಸಂಗ್ರಹ ಬಂದಾಗಲೇ ಜೂನ್ ವ್ಯಾಪಾರ ಗೊತ್ತಾಗೋದು. ಆದ್ದರಿಂದ ಜುಲೈ 15ಕ್ಕೊಂದು ಸಮೀಕರಣ, ಆಗಸ್ಟ್ 1ಕ್ಕೆ ಇನ್ನೊಂದು. ಹಳೇ ವರ್ಷಗಳ ಮೇಲೆ ಪರೀಕ್ಷೆ ಮಾಡುವಾಗಲೂ ಆಯಾ ದಿನ ಏನು ಗೊತ್ತಿತ್ತೋ ಅಷ್ಟನ್ನೇ ಕೊಡಬೇಕು. ಇವತ್ತಿನ ಎಕ್ಸೆಲ್ ಫೈಲಿನಲ್ಲಿ ಎಲ್ಲ ತಿಂಗಳೂ ತುಂಬಿರುತ್ತೆ, ಆಮೇಲೆ ಪರಿಷ್ಕರಿಸಿದ ಅಂಕಿಗಳೂ ಇರುತ್ತೆ. ಆ 23.9 ಕೂಡ ಮುಂದೆ 24.4 ಆಯ್ತು. ಉತ್ತರಪತ್ರಿಕೆ ಪಕ್ಕದಲ್ಲಿಟ್ಕೊಂಡು ಬರೆದ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ಬಂದೇ ಬರುತ್ತೆ.

ಇನ್ನು ನಮ್ಮ ನಾಲ್ವರ ಮಧ್ಯೆ ನಿಜವಾಗಿ ಜಗಳ ಆಗಿದ್ದು ಪೋಸ್ಟರ್ ಮೇಲೆ ಯಾವ R² ಹಾಕ್ಬೇಕು ಅಂತ. ಎಲ್ಲ ತ್ರೈಮಾಸಿಕಗಳನ್ನೂ ಸೇರಿಸಿದ್ರೆ ಗ್ರಾಫ್ ನೋಡೋಕೆ ಅದ್ಭುತ, ಗೆರೆ ಬಿಂದುಗಳ ಮೇಲೇ ಹೋದ ಹಾಗೆ. ಆದ್ರೆ ಸ್ಕ್ಯಾಟರ್ ಪ್ಲಾಟ್ ತೆರೆದು ನೋಡಿದ್ರೆ ಬೇರೆ ಕಥೆ. ಬಹುಪಾಲು ತ್ರೈಮಾಸಿಕಗಳು ಒಂದು ಕಡೆ ಗುಂಪಾಗಿ ಕೂತಿವೆ. ಎರಡು ಮಾತ್ರ ದೂರ ನಿಂತಿವೆ: 2020ರ ಏಪ್ರಿಲ್-ಜೂನ್, ಮತ್ತು ಅದೇ ಕುಸಿತಕ್ಕೆ ಹೋಲಿಸಿದ್ದರಿಂದ ಎತ್ತರಕ್ಕೆ ಹೋದ 2021ರ ಏಪ್ರಿಲ್-ಜೂನ್.

ಕಾಗದದ ಮೇಲೆ ಒಂದು ಲೆಕ್ಕ ಹಾಕಿದ್ವಿ. ಸರಳವಾಗಿರ್ಲಿ ಅಂತ ತ್ರೈಮಾಸಿಕದ ಒಟ್ಟು ಸಂಗ್ರಹವನ್ನೇ ತಗೊಂಡ್ವಿ. 2020ರಲ್ಲಿ ಅದು ಶೇ 41 ಕುಸೀತು, ಜಿಡಿಪಿ ಶೇ 23.9 ಕುಸೀತು. 2021ರಲ್ಲಿ ಸಂಗ್ರಹ ಸುಮಾರು ಶೇ 82 ಏರಿತು, ಜಿಡಿಪಿಯ ಮೊದಲ ಅಂದಾಜು ಶೇ 20.1 ಏರಿಕೆ. ಈ ಎರಡೇ ಬಿಂದುಗಳ ಮೂಲಕ ಗೆರೆ ಎಳೆದ್ರೆ ಇಳಿಜಾರು 44/123, ಅಂದ್ರೆ 0.36ರ ಆಸುಪಾಸು. ಈಗ 2023ರ ಏಪ್ರಿಲ್-ಜೂನ್ ತಗೊಳ್ಳಿ, ಸಂಗ್ರಹ ಶೇ 11.6 ಹೆಚ್ಚಿತ್ತು. ನಮ್ಮ ಗೆರೆ ಹೇಳೋದು ಜಿಡಿಪಿ ಶೇ 5 ಕುಸಿದಿದೆ ಅಂತ. ನಿಜಕ್ಕೂ ಬಂದ ಮೊದಲ ಅಂದಾಜು ಶೇ 7.8ರ ಬೆಳವಣಿಗೆ!

ಎಲ್ಲ ಬಿಂದುಗಳನ್ನೂ ಸೇರಿಸಿದಾಗ ಗೆರೆ ಇಷ್ಟು ಕೆಟ್ಟದಾಗಿರಲ್ಲ, ಗುಂಪು ಅದನ್ನ ಮೇಲಕ್ಕೆ ಎಳ್ಕೊಳ್ಳುತ್ತೆ. ಆದ್ರೆ ಇಳಿಜಾರನ್ನ ನಿರ್ಧರಿಸೋದು ಆ ಎರಡೇ. ಮಾಮೂಲಿ ತ್ರೈಮಾಸಿಕದಲ್ಲಿ ಶೇ 6ಕ್ಕೂ 8ಕ್ಕೂ ಇರೋ ವ್ಯತ್ಯಾಸ ಹೇಳೋ ಶಕ್ತಿ ಆ R²ನಲ್ಲಿ ಇಲ್ಲ, ನೌಕಾಸ್ಟ್‌ನಿಂದ ನಮಗೆ ಬೇಕಾಗಿರೋದು ಅದೇ. "ಡೇಟಾ ತೆಗೆದುಹಾಕಿದ್ರೆ ಅದೂ ಮೋಸ ಅಲ್ವಾ?" ಅಂತ ನಮ್ಮಲ್ಲೊಬ್ಬ ಪಟ್ಟು ಹಿಡಿದ. ಅವನ ಮಾತೂ ಸುಳ್ಳಲ್ಲ. ಕೊನೆಗೆ ಆ ಎರಡು ತ್ರೈಮಾಸಿಕಕ್ಕೆ ಡಮ್ಮಿ ವೇರಿಯೇಬಲ್ ಕೊಟ್ವಿ, ದೋಷವನ್ನ ಉಳಿದ ತ್ರೈಮಾಸಿಕಗಳ ಮೇಲೆ ಮಾತ್ರ ಅಳೆದ್ವಿ. ಪಕ್ಕದಲ್ಲೇ "ಹಿಂದಿನ ತ್ರೈಮಾಸಿಕದಷ್ಟೇ ಈ ಸಲವೂ" ಅನ್ನೋ ಸೋಮಾರಿ ಊಹೆಯ ದೋಷವನ್ನೂ ಹಾಕಿದ್ವಿ. ನಮ್ಮ ಮಾದರಿ ಅದಕ್ಕಿಂತ ಸ್ವಲ್ಪ ಮುಂದಿತ್ತು, ಸ್ವಲ್ಪ ಮಾತ್ರ. ಪೋಸ್ಟರ್ ಸಪ್ಪೆಯಾಯ್ತು, ಆದ್ರೆ ಅದರ ಮೇಲಿದ್ದದ್ದು ನಿಜ.

ವೈವಾಗೆ ಓದುವಾಗ ಇನ್ನೊಂದು ವಿಷಯ ಸಿಕ್ಕಿತು. 2011-12 ಮೂಲವರ್ಷದ ಸರಣಿಯಲ್ಲಿ ತ್ರೈಮಾಸಿಕ ಜಿಡಿಪಿ ಲೆಕ್ಕ ಹಾಕುವಾಗ ಸಣ್ಣ, ಅಸಂಘಟಿತ ತಯಾರಿಕಾ ಘಟಕಗಳನ್ನ ನೇರವಾಗಿ ಹೋಗಿ ಅಳೀತಿರಲಿಲ್ಲ. ಅವುಗಳ ಹಳೇ ಅಂದಾಜು ತಗೊಂಡು ಐಐಪಿ ಬೆಳೆದ ದರದಲ್ಲಿ ಮುಂದಕ್ಕೆ ತಳ್ತಿದ್ರು. ಅಂದ್ರೆ ನಮ್ಮ ಮಾದರಿಯಲ್ಲಿ ಐಐಪಿ ಚೆನ್ನಾಗಿ ಕೆಲಸ ಮಾಡೋಕೆ ಒಂದು ಕಾರಣ, ಜಿಡಿಪಿಯ ಆ ಭಾಗವನ್ನ ಐಐಪಿಯಿಂದಲೇ ಕಟ್ಟಿದ್ದು. ನಾವು ಆರ್ಥಿಕತೆಯನ್ನ ಎಷ್ಟು ಊಹಿಸ್ತಿದ್ವೋ, ಲೆಕ್ಕ ಹಾಕೋರ ವಿಧಾನವನ್ನೂ ಅಷ್ಟೇ ಊಹಿಸ್ತಿದ್ವಿ.

ನಮ್ಮ ಮೆಕ್ಯಾನಿಕಲ್ ಗೆಳೆಯನ ಚಿಕ್ಕಪ್ಪನಿಗೆ ಪೀಣ್ಯದಲ್ಲಿ ಆರು ಜನರ ಒಂದು ಚಿಕ್ಕ ವರ್ಕ್‌ಶಾಪ್ ಇತ್ತು. 2020ರ ಬೇಸಿಗೆಯಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆರೆಯಲಿಲ್ಲ. ನಮ್ಮ ನೌಕಾಸ್ಟ್ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸಿದಾಗ ಅವರು ಕೇಳಿದ್ದು ಒಂದೇ: "ಜೂನ್‌ನಲ್ಲಿ ಚೇತರಿಕೆ ಅಂತೀಯಲ್ಲಪ್ಪಾ, ಅದ್ರಲ್ಲಿ ನನ್ ಶಾಪ್ ಎಲ್ಲಿದೆ?" ಆ ತ್ರೈಮಾಸಿಕದಲ್ಲಿ ಅವರ ಶಾಪಿನ ಜಾಗದಲ್ಲಿ ನಿಂತಿದ್ದು ದೊಡ್ಡ ಕಾರ್ಖಾನೆಗಳ ಬೆಳವಣಿಗೆ ದರ. ಅವು ಶುರುವಾದ್ರೆ ಲೆಕ್ಕದಲ್ಲಿ ಇವರದ್ದೂ ಶುರು. ನಮ್ಮ ಅಂದಾಜು ಸರ್ಕಾರದ ಅಂಕಿಗೆ ದಶಮಾಂಶದವರೆಗೆ ಹೊಂದಿದ್ರೂ ಈ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲ್ಲ. ಹಾಗಾಗಿ ವರದಿಯ ಮಿತಿಗಳ ಪುಟದಲ್ಲಿ ಮೊದಲ ಸಾಲಾಗಿ ಹೀಗೆ ಬರೆದ್ವಿ: ಈ ಮಾದರಿ ಊಹಿಸುವುದು ಪ್ರಕಟವಾಗಲಿರುವ ಅಂಕಿಯನ್ನು, ಆ ಅಂಕಿ ಸಣ್ಣ ಘಟಕಗಳನ್ನು ಎಷ್ಟರ ಮಟ್ಟಿಗೆ ಕಂಡಿದೆಯೋ ಅಷ್ಟೇ ಇದೂ ಕಾಣುತ್ತದೆ.